ಕಿಸಾಗೋತಮಿಯ ಸಾಸಿವೆ: ಆರು ನಿಮಿಷದ ಸ್ಕ್ರಿಪ್ಟನ್ನು ಐದು ಸಲ ಬರೆದದ್ದು

ವಿಡಿಯೊ ಹೆಚ್ಚುಕಡಿಮೆ ಮುಗಿದಿದೆ. ಒಂದು ಜಾಗದಲ್ಲಿ ಮಾತ್ರ ಇನ್ನೂ ಸಿಕ್ಕಿಕೊಂಡಿದ್ದೇನೆ, ಅದನ್ನು ಕೊನೆಗೆ ಹೇಳುತ್ತೇನೆ. ಬೌದ್ಧ ಕಥೆಯೊಂದನ್ನು ಮೆಲುದನಿಯಲ್ಲಿ ಹೇಳುವ ಚಿಕ್ಕ ವಿಡಿಯೊಗೆ ನಾನು ಸ್ಕ್ರಿಪ್ಟ್ ಬರೆದೆ. ಚಿತ್ರ ತಂಗಿಯದು, ದನಿ ಗೆಳೆಯನದು. ಇಲ್ಲೇ ಮಂಗಳೂರಲ್ಲಿ, ಕದ್ರಿ ಹತ್ತಿರದ ನಮ್ಮ ಮನೆಯಲ್ಲಿ, ಹೊರಗೆ ಮಳೆ ಸುರಿಯುವಾಗ ಮಾಡಿದ ಕೆಲಸ.

ಕಥೆ ನಿಮಗೆ ಗೊತ್ತಿರಬಹುದು. ಮಗು ತೀರಿಕೊಂಡಿದೆ, ತಾಯಿ ಒಪ್ಪುವುದಿಲ್ಲ, ಮದ್ದು ಕೊಡಿ ಅಂತ ಅಲೆಯುತ್ತಾಳೆ. ಯಾರೂ ಸಾಯದ ಮನೆಯಿಂದ ಒಂದು ಚಿಟಿಕೆ ಸಾಸಿವೆ ತಾ ಅನ್ನುತ್ತಾನೆ ಬುದ್ಧ. ಇಷ್ಟೇ. ಒಂದು ಭಾನುವಾರದಲ್ಲಿ ಬರೆದು ಮುಗಿಸಬಹುದು ಅಂದುಕೊಂಡಿದ್ದೆ. ಐದು ವಾರ ಹಿಡಿಯಿತು.

ಜೂನ್ 6. ಅಳತೆ ಮತ್ತು ಮೊದಲ ಪ್ರತಿ

ಮೊದಲು ಅಳತೆ. ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡು ಒಂದು ಪುಟವನ್ನು ಮಗುವಿಗೆ ಕಥೆ ಹೇಳುವ ಹಾಗೆ ನಿಧಾನ ಓದಿದೆ. ನಿಮಿಷಕ್ಕೆ 85 ಪದ ಬಂತು. ಕನ್ನಡದಲ್ಲಿ ಪದಗಳು ಉದ್ದ, 'ಬಾಗಿಲಲ್ಲಿ ನಿಂತಿದ್ದವಳಿಗೆ' ಅಂದರೆ ಎರಡೇ ಪದ, ಆದರೆ ಬಾಯಿಗೆ ಅದು ಸಣ್ಣ ಕೆಲಸ ಅಲ್ಲ. ಹಾಗಾಗಿ ನಿಮ್ಮ ಲೆಕ್ಕ ನೀವೇ ಓದಿ ತೆಗೆಯಬೇಕು. ಆರು ನಿಮಿಷದ ವಿಡಿಯೊದಲ್ಲಿ ಒಂದು ನಿಮಿಷವಾದರೂ ಸುಮ್ಮನಿರಬೇಕು ಅಂತ ಮೊದಲೇ ತೀರ್ಮಾನಿಸಿದ್ದೆ. ಉಳಿದದ್ದು ಐದು ನಿಮಿಷ, ಅಂದರೆ 425 ಪದ.

ಬರೆದದ್ದು 1,180 ಪದ. ಓದಿದರೆ ಹದಿನಾಲ್ಕು ನಿಮಿಷ.

ಅದರಲ್ಲಿ ಏನೇನಿತ್ತು ಕೇಳಿ. ಕದ್ರಿ ದೇವಸ್ಥಾನದಲ್ಲಿರುವ ಲೋಕೇಶ್ವರ ಎಂಬ ಬೌದ್ಧ ವಿಗ್ರಹದಿಂದ ಶುರು ಮಾಡಿದ್ದೆ. ಕ್ರಿ.ಶ. 968ರ ಶಾಸನ, ಆಳುಪ ದೊರೆ ಕುಂದವರ್ಮ, ಅದರಲ್ಲಿ ಬರುವ ಕದರಿಕಾ ವಿಹಾರ ಎಂಬ ಹೆಸರು, ಎಲ್ಲವನ್ನೂ ಹಾಕಿದ್ದೆ. ಮನೆಯಿಂದ ನಡೆದು ಹೋಗುವ ದೂರದಲ್ಲಿ ಅಂಥದ್ದು ಇರುವಾಗ ಹೇಳದೆ ಇರಲಿಕ್ಕೆ ಮನಸ್ಸಾಗಲಿಲ್ಲ. ಆದರೆ ಮಗು ಕಳೆದುಕೊಂಡವಳ ಕಥೆ ಕೇಳಲು ಕೂತವರಿಗೆ ಎರಡು ನಿಮಿಷ ಶಾಸನ ಓದಿ ಹೇಳುವುದು ಎಂಥ ಚೆಂದ! ಅತ್ತೆಗೆ ಓದಿ ಹೇಳಿದೆ. ಎಂಟನೇ ನಿಮಿಷಕ್ಕೆ ಅವರು ಎದ್ದು ಹೋಗಿ ಅಲಸಂಡೆ ತಂದು ಮುರಿಯುತ್ತಾ ಕೂತರು. "ನೀನು ಓದು ಮಾರಾಯ, ನಾನು ಕೇಳ್ತಾ ಇದ್ದೇನೆ" ಅಂದರು. ಕೇಳುತ್ತಿರಲಿಲ್ಲ.

ಮೊದಲ ಪ್ರತಿಯಿಂದ ಉಳಿದದ್ದು ಒಂದೇ ವಿಷಯ, ಅದು ಮೂಲದ್ದು. ಈ ಕಥೆ ವಿವರವಾಗಿ ಸಿಗುವುದು ಪಾಳಿ ಭಾಷೆಯ ಅಟ್ಠಕಥೆಗಳಲ್ಲಿ, ಅಂದರೆ ಬುದ್ಧನ ವಚನಗಳ ಧಮ್ಮಪದಕ್ಕೂ ಭಿಕ್ಷುಣಿಯರ ಹಾಡುಗಳ ಥೇರೀಗಾಥೆಗೂ ಬರೆದ ವ್ಯಾಖ್ಯಾನಗಳಲ್ಲಿ. ಊರು ಉತ್ತರ ಭಾರತದ ಹಳೆಯ ಪಟ್ಟಣ ಶ್ರಾವಸ್ತಿ. ಅವಳ ಹೆಸರು ಗೋತಮಿ, ಸಣಕಲು ಮೈಯವಳಾದ್ದರಿಂದ ಕಿಸಾಗೋತಮಿ. ಬಡವರ ಮನೆಯಿಂದ ಬಂದವಳು ಅಂತ ಗಂಡನ ಮನೆಯಲ್ಲಿ ತಾತ್ಸಾರ. ಗಂಡು ಮಗು ಹುಟ್ಟಿದ ಮೇಲೆ ಮರ್ಯಾದೆ ಸಿಕ್ಕಿತು. ಮಗು ಇನ್ನೇನು ನಡೆಯಲು ಕಲಿತಿತ್ತು, ಆಗ ತೀರಿಕೊಂಡಿತು. ಈ ಹಿನ್ನೆಲೆ ಬಿಟ್ಟರೆ ಅವಳದು ಬರೀ ಹುಚ್ಚು ಅನಿಸುತ್ತದೆ. ಇಟ್ಟರೆ, ಮಗುವಿನ ಜೊತೆ ಆ ಮನೆಯಲ್ಲಿದ್ದ ಅವಳ ಜಾಗವೂ ಹೋಯಿತು ಅಂತ ಗೊತ್ತಾಗುತ್ತದೆ. ಅದಕ್ಕೆ 31 ಪದ ಕೊಟ್ಟೆ. ಕಡೆಯ ಪ್ರತಿಯಲ್ಲೂ ಅದು ಹಾಗೇ ಇದೆ.

ಜೂನ್ 13. ಎರಡನೇ ಪ್ರತಿ: ಮಲ್ಪೆಗೆ ತಂದು ಕೆಡಿಸಿದ್ದು

ಶ್ರಾವಸ್ತಿ ಯಾರಿಗೆ ಗೊತ್ತು, ನಮ್ಮ ಕಡೆಗೆ ತರೋಣ ಅಂತ ಮಲ್ಪೆಯ ಮೀನುಗಾರರ ಕೇರಿಗೆ ತಂದೆ. ಕಡಲು, ದೋಣಿ, ಬಲೆ, ಚಿತ್ರಕ್ಕೂ ಚೆನ್ನ. ಬರೆಯುವಾಗ ಖುಷಿಯಾಗಿತ್ತು. ಓದುವಾಗ ಕಥೆ ನಿಂತಲ್ಲೇ ಮುರಿಯಿತು.

ಯಾಕೆ ಅಂದರೆ, ನಮ್ಮ ಕೇರಿಗಳಲ್ಲಿ ಒಂದು ಮಗು ಹೋಯಿತು ಅಂದರೆ ಅರ್ಧ ಗಂಟೆಯೊಳಗೆ ಅಂಗಳ ತುಂಬುತ್ತದೆ. ತಾಯಿಯನ್ನು ನಾಲ್ಕು ಜನ ಹಿಡಿದುಕೊಂಡಿರುತ್ತಾರೆ. ಮಗುವನ್ನು ಎತ್ತಿಕೊಂಡು ಮನೆಮನೆ ಸುತ್ತಲು ಯಾರು ಬಿಡುತ್ತಾರೆ? ಅದೂ ಅಲ್ಲದೆ ಪಕ್ಕದ ಮನೆಯಲ್ಲಿ ಯಾರು ಯಾವಾಗ ತೀರಿಕೊಂಡರು, ಉತ್ತರಕ್ರಿಯೆಯ ಬೊಜ್ಜ ಯಾವತ್ತು ಆಯಿತು ಅನ್ನುವುದು ಎಲ್ಲರಿಗೂ ಗೊತ್ತು. "ಈ ಮನೆಯಲ್ಲಿ ಯಾರಾದರೂ ಸತ್ತಿದ್ದಾರಾ?" ಅಂತ ಕೇಳುವ ಪ್ರಶ್ನೆಯೇ ಹುಟ್ಟುವುದಿಲ್ಲ. ಈ ಕಥೆಗೆ ದೊಡ್ಡ ಪಟ್ಟಣ ಬೇಕು, ಗುರುತಿಲ್ಲದ ಬಾಗಿಲುಗಳು ಬೇಕು. ಶ್ರಾವಸ್ತಿ ಅಂಥ ಊರು.

ಒಂದು ವಾರ ಹಾಳು. ಕಥೆ ವಾಪಸ್ ಶ್ರಾವಸ್ತಿಗೆ ಹೋಯಿತು. ಮಲ್ಪೆಯಿಂದ ಒಂದೇ ಪದ ಜೊತೆಗೆ ಹೋಯಿತು, 'ಮದ್ದು'. 'ಔಷಧ' ಅಂತ ಬರೆದಿದ್ದನ್ನೆಲ್ಲ ತೆಗೆದು 'ಮದ್ದು' ಮಾಡಿದೆ. ಅವಳ ಬಾಯಲ್ಲಿ ಅದು ಸರಿಯಾಗಿ ಕೂತಿತು.

ಜೂನ್ 20. ಮೂರನೇ ಪ್ರತಿ: ಬುದ್ಧನ ಬಾಯಲ್ಲಿ ಸುಳ್ಳು ಹಾಕಿದ್ದು

ಇದು ನನ್ನ ದೊಡ್ಡ ತಪ್ಪು. ಹೀಗೆ ಬರೆದಿದ್ದೆ:

> ಬುದ್ಧ: ಮಗಳೇ, ಯಾರೂ ಸಾಯದ ಮನೆಯಿಂದ ಒಂದು ಚಿಟಿಕೆ ಸಾಸಿವೆ ತಾ. ನಿನ್ನ ಮಗುವನ್ನು ಬದುಕಿಸಿಕೊಡುತ್ತೇನೆ.

ಭಾವನಿಗೆ ಓದಿ ಹೇಳಿದೆ. ಅವರು ಬ್ಯಾಂಕಿನವರು, ಮಾತು ಕಡಿಮೆ. "ಅಲ್ಲ, ಬದುಕಿಸೋದಿಲ್ಲ ಅಂತ ಅವನಿಗೆ ಗೊತ್ತಿತ್ತಲ್ಲ. ಮತ್ತೆ ಯಾಕೆ ಹಾಗೆ ಹೇಳಿ ಕಳಿಸಿದ? ಮೋಸ ಆಯ್ತಲ್ವಾ?" ಅಂದರು. ನನಗೆ ಉತ್ತರ ಬರಲಿಲ್ಲ. ಸಂಜೆ ಕೂತು ಅಟ್ಠಕಥೆಯ ಆ ಭಾಗ ಮತ್ತೆ ನೋಡಿದೆ. ಬದುಕಿಸುತ್ತೇನೆ ಅನ್ನುವ ಮಾತೇ ಅಲ್ಲಿಲ್ಲ! ನನ್ನ ಮಗನಿಗೆ ಮದ್ದು ಗೊತ್ತಂತೆ, ನಿಜವಾ ಅಂತ ಅವಳು ಕೇಳುತ್ತಾಳೆ. ಗೊತ್ತು ಅನ್ನುತ್ತಾನೆ. ಏನು ಬೇಕು ಅಂತ ಕೇಳುತ್ತಾಳೆ. ಒಂದು ಚಿಟಿಕೆ ಸಾಸಿವೆ ಅನ್ನುತ್ತಾನೆ. ಯಾರ ಮನೆಯದ್ದು ಅಂತ ಕೇಳಿದಾಗ, ಮಗನೋ ಮಗಳೋ ಯಾರೂ ಸಾಯದ ಮನೆಯದ್ದು ಅನ್ನುತ್ತಾನೆ. ಅಷ್ಟೇ. 'ಬದುಕಿಸಿಕೊಡುತ್ತೇನೆ' ಅನ್ನುವುದು ಎಲ್ಲೋ ಕೇಳಿ ನನ್ನ ತಲೆಯಲ್ಲಿ ಕೂತಿದ್ದದ್ದು.

ಮೂರು ಪದ ತೆಗೆದರೆ ಇಡೀ ಕಥೆಯ ಮುಖ ಬದಲಾಯಿತು. ಈಗ ಹೀಗಿದೆ:

> ಗೋತಮಿ: ನಿಮಗೆ ಮದ್ದು ಗೊತ್ತಂತೆ.
> ಬುದ್ಧ: ಗೊತ್ತು.
> ಗೋತಮಿ: ಏನು ತರಬೇಕು?
> ಬುದ್ಧ: ಒಂದು ಚಿಟಿಕೆ ಸಾಸಿವೆ.
> (ಅವಳು ಆಗಲೇ ಎದ್ದಿದ್ದಾಳೆ. ಬಾಗಿಲ ಹತ್ತಿರ ನಿಲ್ಲುತ್ತಾಳೆ.)
> ಗೋತಮಿ: ಯಾರ ಮನೆಯದ್ದು?

ಅವಳು ಹೊರಟು ನಿಂತು ತಿರುಗುವುದು ನನ್ನ ಸೇರ್ಪಡೆ. ಸಾಸಿವೆ ಅಂದ ಕೂಡಲೇ ಅವಳಿಗೆ ಎಷ್ಟು ಸುಲಭ ಅನಿಸಿತು ಅನ್ನುವುದು ಅದರಲ್ಲಿ ಕಾಣಬೇಕು. ಒಗ್ಗರಣೆಗೆ ಸಾಸಿವೆ ಇಲ್ಲದಿದ್ದರೆ ನಾವು ಪಕ್ಕದ ಮನೆಗೆ ಓಡುವ ಹಾಗೆ.

ಜೂನ್ 27. ನಾಲ್ಕನೇ ಪ್ರತಿ: ಬಾಗಿಲುಗಳು

ಮೂರನೇ ಪ್ರತಿಯಲ್ಲಿ ಏಳು ಮನೆ ಇತ್ತು. ಎಲ್ಲ ಮನೆಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ಮನೆಗೇ ಕೇಳುವವನಿಗೆ ವಿಷಯ ಗೊತ್ತಾಗಿಬಿಡುತ್ತದೆ, ಉಳಿದ ನಾಲ್ಕು ಬರೀ ಭಾರ. ಅದಕ್ಕಿಂತ ಕೆಟ್ಟದ್ದು, ನಾನು ಪ್ರಶ್ನೆಯನ್ನು ಮೊದಲು ಕೇಳಿಸಿದ್ದೆ. "ಈ ಮನೆಯಲ್ಲಿ ಯಾರಾದರೂ ಸತ್ತಿದ್ದಾರಾ?" "ಹೌದು." "ಹಾಗಾದರೆ ಸಾಸಿವೆ ಬೇಡ." ಜನಗಣತಿಗೆ ಬಂದವರ ಹಾಗೆ.

ಮೂಲದಲ್ಲಿ ಕ್ರಮ ಬೇರೆ. ಅವಳು ಮೊದಲು ಸಾಸಿವೆ ಇದೆಯಾ ಅಂತ ಕೇಳುತ್ತಾಳೆ, ಅವರು ತಂದು ಕೊಡುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾಳೆ. ಉತ್ತರ ಬಂದ ಮೇಲೆ, ಇದು ನನ್ನ ಮಗನ ಮದ್ದಲ್ಲ ಅಂತ ಸಾಸಿವೆ ವಾಪಸ್ ಕೊಡುತ್ತಾಳೆ. ಕೈಗೆ ಬಂದದ್ದು ಕೈಯಿಂದ ಹೋಗುತ್ತದೆ. ಪ್ರತಿ ಬಾಗಿಲಲ್ಲೂ. ಇದು ಸಿಕ್ಕಿದ ಮೇಲೆ ನನಗೆ ಬೇರೆ ಏನೂ ಬೇಕಾಗಲಿಲ್ಲ, ಇಡೀ ವಿಡಿಯೊ ಈ ಅಂಗೈಯ ಮೇಲೆ ನಿಂತಿದೆ. ಏಳು ಮನೆ ಮೂರಾಯಿತು. ಮೊದಲನೆಯದು ಪೂರ್ತಿ:

> ಚಿತ್ರ: ಅರ್ಧ ತೆರೆದ ಬಾಗಿಲು. ಕೈಗಳು ಮಾತ್ರ.
> ಗೋತಮಿ: ಒಂದು ಚಿಟಿಕೆ ಸಾಸಿವೆ ಇದೆಯಾ? ಮಗುವಿನ ಮದ್ದಿಗೆ.
> ಹೆಂಗಸು: ಅದಕ್ಕೇನಮ್ಮಾ. ಚಿಟಿಕೆ ಯಾಕೆ, ಮುಷ್ಟಿ ತುಂಬ ತಗೊ.
> (ಸಾಸಿವೆ ಅಂಗೈಗೆ ಬೀಳುವ ಸದ್ದು.)
> ಗೋತಮಿ: ಈ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ?
> (ಮೂರು ಸೆಕೆಂಡು.)
> ಹೆಂಗಸು: ಎಂಥ ಮಾತು ಕೇಳ್ತೀಯಮ್ಮಾ. ಇರುವವರು ನಾಲ್ಕು ಜನ. ಹೋದವರೇ ಜಾಸ್ತಿ.
> ಗೋತಮಿ: ಹಾಗಾದರೆ ಇದು ನನ್ನ ಮಗನ ಮದ್ದಲ್ಲ.
> (ಸಾಸಿವೆ ಕುಡಿಕೆಗೆ ವಾಪಸ್ ಸುರಿಯುವ ಸದ್ದು.)

"ಹೋದವರೇ ಜಾಸ್ತಿ" ನನ್ನದಲ್ಲ. ಬದುಕಿರುವವರು ಕೆಲವರು, ಸತ್ತವರೇ ಬಹಳ ಅಂತ ಮೂಲದಲ್ಲೇ ಇದೆ, ಬುದ್ಧನ ಕಾಲದ ಹೆಂಗಸು ಬಾಗಿಲಲ್ಲಿ ನಿಂತು ಮಾತಾಡಿದ ಹಾಗೇ ಇದೆ.

ಎರಡನೇ ಮನೆಯಲ್ಲಿ ಒಬ್ಬ ಅಜ್ಜ. ಉತ್ತರ ಕೊಡುವುದಿಲ್ಲ, ಗೂಡಿನಲ್ಲಿಟ್ಟ ಮಣ್ಣಿನ ಆಟದ ಗಾಡಿಯ ಕಡೆ ನೋಡುತ್ತಾನೆ. ಮೂರನೆಯದರಲ್ಲಿ ಒಬ್ಬಳು ಹುಡುಗಿ, ಎಂಟೊಂಬತ್ತು ವರ್ಷ, ಒಂದೇ ಪದ ಹೇಳುತ್ತಾಳೆ: "ಅಮ್ಮ." ಅಲ್ಲಿ ಗೋತಮಿ ಸಾಸಿವೆ ವಾಪಸ್ ಕೊಡುವ ಮೊದಲು ಹುಡುಗಿಯ ತಲೆ ಮುಟ್ಟುತ್ತಾಳೆ. ಇವೆರಡೂ ನನ್ನ ಸೇರ್ಪಡೆ. ಬೇರೆಯವರ ದುಃಖದ ಕಡೆ ಅವಳು ಮೊದಲ ಸಲ ನೋಡುವುದು ಅಲ್ಲಿ, ಅದಕ್ಕೆ ಮಾತು ಬೇಕಾಗಲಿಲ್ಲ.

ಇದನ್ನು ಪಕ್ಕದ ಮನೆ ಅಕ್ಕನಿಗೆ ಓದಿ ಹೇಳಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದೆ. ಹೋದ ವರ್ಷ ಅವರ ಮಗ ತೀರಿಕೊಂಡ. ಕಡೆಗೆ ವಿಷಯ ಮೊದಲೇ ಹೇಳಿ, ಬೇಡ ಅಂದರೆ ಬೇಡ ಅಂದೆ. ಓದಿ ಅಂದರು. ಕೇಳಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಇಷ್ಟು ಹೊತ್ತೂ ಮಗು ಎಲ್ಲಿತ್ತು?"

ಮಗು ಎಲ್ಲೂ ಇರಲಿಲ್ಲ! ನಾನು ಅದನ್ನು ಬರೆಯುವುದನ್ನೇ ಮರೆತಿದ್ದೆ. ಅವಳು ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡೇ ಅಲೆಯುತ್ತಾಳೆ ಅಂತ ಮೂಲದಲ್ಲಿದೆ, ನನ್ನ ಪ್ರತಿಯಲ್ಲಿ ಅವಳು ಬರಿಗೈಯಲ್ಲಿ ಪೇಟೆ ಸುತ್ತುತ್ತಿದ್ದಳು. "ಎಲ್ಲಿ ಇಳಿಸಿದ್ಲು ಅಂತ ಹೇಳ್ಬೇಕಲ್ಲ" ಅಂದರು ಅಕ್ಕ. ಅದೇ ದಿನ ರಾತ್ರಿ ಪ್ರತಿ ಬಾಗಿಲಿಗೂ ಮಗುವನ್ನು ಸೇರಿಸಿದೆ. ಎಡ ಸೊಂಟದಲ್ಲಿ ಮಗು, ಮೇಲೆ ಸೆರಗು, ಬಲಗೈಯಲ್ಲಿ ಸಾಸಿವೆ. ಮೂರನೇ ಮನೆಯಲ್ಲಿ ಹುಡುಗಿಯ ತಲೆ ಮುಟ್ಟಲು ಖಾಲಿ ಕೈ ಇಲ್ಲ, ಹಾಗಾಗಿ ಸಾಸಿವೆ ಮೊದಲು ಸುರಿದು ಆಮೇಲೆ ಮುಟ್ಟುತ್ತಾಳೆ. ಕ್ರಮ ತಿರುಗಿತು, ಆದರೆ ಹಾಗೇ ಚೆನ್ನಾಯಿತು. ಅಂಗೈಗೆ ಅಂಟಿದ ಒಂದೆರಡು ಕಾಳು ಹುಡುಗಿಯ ಕೂದಲಿನಲ್ಲಿ ಉಳಿದವು ಅಂತ ತಂಗಿ ಚಿತ್ರದಲ್ಲಿ ತಾನೇ ಹಾಕಿದಳು.

ಜುಲೈ 4. ಐದನೇ ಪ್ರತಿ: ಕೊನೆಯನ್ನು ಕತ್ತರಿಸಿದ್ದು

ನಾಲ್ಕನೇ ಪ್ರತಿಯ ಕೊನೆಯಲ್ಲಿ ಬುದ್ಧ 140 ಪದ ಮಾತಾಡುತ್ತಿದ್ದ. 'ಹುಟ್ಟಿದವರೆಲ್ಲ ಸಾಯಲೇಬೇಕು' ಅಂತ. ಅದನ್ನು ಅಕ್ಕನ ಮುಂದೆ ಓದಿದಾಗ ನನ್ನ ದನಿಯೇ ನನಗೆ ಸಹಿಸಲಿಲ್ಲ. ಸಾವಿನ ಮನೆಗೆ ಬಂದು "ಎಲ್ಲರಿಗೂ ಇದ್ದದ್ದೇ" ಅಂತ ಹೇಳಿ ಕಾಫಿ ಕುಡಿದು ಹೋಗುವವರ ಹಾಗೆ ಕೇಳಿಸಿತು. ಅದನ್ನು ಅವಳೇ ಮನೆಮನೆ ಸುತ್ತಿ ತಿಳಿದುಕೊಂಡಾಗಿದೆ, ಮತ್ತೆ ಇವನು ಹೇಳಿದರೆ ಅವಳು ನಡೆದದ್ದು ಸುಮ್ನೆ ಆಯಿತು.

ಮೂಲದಲ್ಲಿ ಉಪದೇಶ ಇದೆ, ಇಲ್ಲ ಅಂತಲ್ಲ. ಮಲಗಿದ ಊರನ್ನು ನೆರೆ ಹೊತ್ತೊಯ್ಯುವ ಹಾಗೆ ಸಾವು ಬಂದು ಒಯ್ಯುತ್ತದೆ ಅನ್ನುವ ಧಮ್ಮಪದದ 287ನೇ ಗಾಥೆ ಅವಳ ಕಥೆಗೇ ಸೇರಿದ್ದು. ಮಳೆಯ ಸದ್ದಿನ ಮೇಲೆ ಅದನ್ನು ಹಾಕುವ ಆಸೆ ಬಹಳ ಇತ್ತು. ಹಾಕಿ ಕೇಳಿದೆ, ತೆಗೆದೆ. ದೀಪ ಉರಿದು ಆರುವುದನ್ನು ಅವಳು ನೋಡುವ ಪ್ರಸಂಗವನ್ನೂ ತೆಗೆದೆ. ಅದು ಅವಳು ಭಿಕ್ಷುಣಿಯಾದ ಮೇಲಿನದ್ದು, ನಾನು ಅದೇ ದಿನ ರಾತ್ರಿ ಅಂತ ಸೇರಿಸಿ ಎರಡು ಕಾಲವನ್ನು ಕಲಸಿದ್ದೆ.

ಈಗ ಕೊನೆ ಹೀಗೆ:

> (ಕಾಡಿನ ಅಂಚು. ಅವಳು ಮಗುವನ್ನು ಕೆಳಗೆ ಮಲಗಿಸುತ್ತಾಳೆ. ಸೆರಗು ಬಿಡಿಸಿಕೊಳ್ಳುತ್ತಾಳೆ.)
> (ಬುದ್ಧ ಇರುವ ವಿಹಾರ, ಜೇತವನ.)
> ಬುದ್ಧ: ಸಾಸಿವೆ ಸಿಕ್ಕಿತಾ?
> ಗೋತಮಿ: ಇಲ್ಲ. ನನ್ನ ಮಗ ತೀರಿಕೊಂಡ.

ಇಡೀ ಸ್ಕ್ರಿಪ್ಟಿನಲ್ಲಿ ಮಗನ ಬಗ್ಗೆ ಅವಳು ಆ ಪದ ಹೇಳುವುದು ಅಲ್ಲಿ ಮಾತ್ರ. ಅದಕ್ಕೂ ಮೊದಲು "ಮಲಗಿದ್ದಾನೆ", "ಏಳ್ತಾ ಇಲ್ಲ", ಅಷ್ಟೇ. ಮೊದಲ ನಾಲ್ಕು ಪ್ರತಿಗಳಲ್ಲಿ ನಿರೂಪಕನೇ ಕಥೆಯ ಎರಡನೇ ವಾಕ್ಯದಲ್ಲಿ 'ಸತ್ತ ಮಗು' ಅಂದುಬಿಟ್ಟಿದ್ದ. ಈಗ ನಿರೂಪಕನೂ ಅವಳು ಹೇಳುವ ತನಕ ಹೇಳುವುದಿಲ್ಲ. ಒಟ್ಟು 418 ಪದ.

ಜುಲೈ 5ರಿಂದ 11. ಚಿತ್ರ, ದನಿ, ಖರ್ಚು

ಚಿತ್ರ 22. ತಂಗಿ ಮೊದಲ ಮನೆಗೆ ಸ್ಟೀಲಿನ ಒಗ್ಗರಣೆ ಡಬ್ಬಿ ಬರೆದಿದ್ದಳು, ಒಳಗೆ ಏಳು ಬಟ್ಟಲು ಇರುತ್ತದಲ್ಲ, ಅದು. ನಗು ಬಂತು, ಮತ್ತೆ ಮಣ್ಣಿನ ಕುಡಿಕೆ ಮಾಡಿಸಿದೆ. ಎರಡನೇ ಮನೆಯ ಗೋಡೆಗೆ ಒಣಮೆಣಸಿನ ಸರ ತೂಗಿಸಿದ್ದಳು. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಕಾಲದಲ್ಲಿ, ಅದನ್ನು ಅಳಿಸಿ ಬೆಳ್ಳುಳ್ಳಿ ಮಾಡಿದಳು. ಐದು ಚಿತ್ರಗಳಲ್ಲಿ ಮಗು ಬಲ ಸೊಂಟಕ್ಕೆ ಹೋಗಿತ್ತು. ಕಂಪ್ಯೂಟರಿನಲ್ಲಿ ತಿರುಗಿಸಿದರೆ ಬಾಗಿಲೂ ತಿರುಗುತ್ತದೆ, ಹಾಗಾಗಿ ಐದನ್ನೂ ಮತ್ತೆ ಬರೆಯಬೇಕಾಯಿತು. ಬೈಗುಳ ತಿಂದೆ.

ಅಂಗೈಯ ದೃಶ್ಯ ಮಾತ್ರ ಚಿತ್ರ ಅಲ್ಲ, ನಿಜವಾದ ಕೈಯನ್ನೇ ಫೋನಿನಲ್ಲಿ ತೆಗೆದದ್ದು. ಮೂಲದಲ್ಲಿರುವುದು ಬಿಳಿ ಸಾಸಿವೆ. ನಿಯತ್ತಾಗಿರೋಣ ಅಂತ ಪೇಟೆಯಿಂದ ನೂರು ಗ್ರಾಂ ಹಳದಿ ಸಾಸಿವೆ ತಂದೆ, ಅದೇ ಹತ್ತಿರದ್ದು. ಅಂಗೈ ಮೇಲೆ ಅದು ಕಾಣುವುದೇ ಇಲ್ಲ, ಚರ್ಮದ ಬಣ್ಣಕ್ಕೆ ಸೇರಿಹೋಗುತ್ತದೆ. ಅತ್ತೆ ನೋಡಿ "ಮೆಂತೆ ಯಾಕೆ ಹಿಡ್ಕೊಂಡಿದ್ದಾಳೆ?" ಅಂದರು. ಅಲ್ಲಿಗೆ ಮುಗಿಯಿತು, ಅಡುಗೆಮನೆಯ ಕರಿ ಸಾಸಿವೆಯಲ್ಲೇ ತೆಗೆದೆವು. ಮಾತಿನಲ್ಲಿ ಬರೀ 'ಸಾಸಿವೆ' ಅಂತಿದೆ.

ದನಿಗೆ ಗೆಳೆಯನನ್ನು ಕರೆದೆ, ಅವನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ಒಳ್ಳೆಯ ಕಂಠ, ಅದೇ ತೊಂದರೆ. "ಗೊತ್ತು" ಅನ್ನುವ ಒಂದು ಪದವನ್ನು ಅವನು ಸಭೆ ತುಂಬುವ ಹಾಗೆ ಹೇಳಿದ. ಎರಡನೇ ಸಲ ಅದಕ್ಕೆ ಮುಂದೆ ಇನ್ನೆರಡು ವಾಕ್ಯ ತಾನೇ ಸೇರಿಸಿದ. ಒಂಬತ್ತು ಟೇಕ್ ಆದ ಮೇಲೆ, ಮೈಕ್ ಆಫ್ ಇದೆ ಅಂದುಕೊಂಡು ಅವನು ಸೋಫಾದಲ್ಲಿ ಒರಗಿ ಸುಮ್ನೆ ಓದಿ ನೋಡಿದ. ಅದನ್ನೇ ಇಟ್ಟುಕೊಂಡೆ. ಅವನಿಗೆ ಇನ್ನೂ ಸ್ವಲ್ಪ ಬೇಜಾರಿದೆ.

ಹಿಂಭಾಗದ ಶೀಟಿನ ಮೇಲೆ ಮಳೆ ಬಿದ್ದರೆ ರೆಕಾರ್ಡಿಂಗ್ ಮುಗಿದ ಹಾಗೆ. ಫ್ಯಾನ್ ಆರಿಸಿ, ಮಂಚಕ್ಕೆ ಎರಡು ಕಂಬಳಿ ಇಳಿಬಿಟ್ಟು, ರಾತ್ರಿ ಒಂದೂವರೆಗೆ ಮಳೆ ನಿಂತಾಗ ಕೂತೆವು. ಮಾತಿಲ್ಲದ ಕೋಣೆಯ ಸದ್ದನ್ನೂ ಒಂದು ನಿಮಿಷ ತೆಗೆದಿಟ್ಟುಕೊಂಡೆ, ಅದು ದೊಡ್ಡ ಉಪಕಾರವಾಯಿತು. ಆ ಮೂರು ಸೆಕೆಂಡಿನ ಮೌನಗಳಲ್ಲಿ ಸದ್ದನ್ನು ಪೂರ್ತಿ ಸೊನ್ನೆ ಮಾಡಿದರೆ ವಿಡಿಯೊ ಕೆಟ್ಟುನಿಂತಿತು ಅಂತ ಜನ ಫೋನ್ ತಟ್ಟುತ್ತಾರೆ. ಕೋಣೆಯ ಸದ್ದು ಹಾಕಿದರೆ ಕಾಯುತ್ತಾರೆ.

ಖರ್ಚು: ಕಾಲರಿಗೆ ಸಿಕ್ಕಿಸುವ ಮೈಕ್ 850 ರೂಪಾಯಿ, ಚಿತ್ರದ ಕಾಗದ 360, ಬಣ್ಣ ಮನೆಯಲ್ಲೇ ಇತ್ತು, ಹಳದಿ ಸಾಸಿವೆ 30. ಗೆಳೆಯನಿಗೆ ಎರಡು ರಾತ್ರಿ ಗೋಳಿಬಜೆ.

ವಿಡಿಯೊ ಒಟ್ಟು 6 ನಿಮಿಷ 10 ಸೆಕೆಂಡು. ಮಾತು 4 ನಿಮಿಷ 55, ಉಳಿದದ್ದು ಮೌನ ಮತ್ತು ಸಾಸಿವೆಯ ಸದ್ದು.

ಸಿಕ್ಕಿಕೊಂಡಿರುವುದು ಮಗುವನ್ನು ಇಳಿಸುವ ದೃಶ್ಯದಲ್ಲಿ. ಈಗ ಅದು ಹನ್ನೊಂದು ಸೆಕೆಂಡು ಇದೆ. ಅದು ಜಾಸ್ತಿ ಆಯಿತು ಅಂತಾರೆ ನಮ್ಮ ಭಾವ, ಏಳಕ್ಕೆ ಇಳಿಸಿ ನೋಡಿದೆ, ಅವಳು ಸಾಮಾನು ಇಟ್ಟು ಹೋದ ಹಾಗಾಯಿತು. ಎರಡನ್ನೂ ಅಕ್ಕನಿಗೆ ತೋರಿಸಿದೆ. ಎರಡೂ ಕಡಿಮೆ ಅಂದರು. ಇವತ್ತು ರಾತ್ರಿ ಹದಿನೈದು ಮಾಡಿ ನೋಡುತ್ತೇನೆ, ಅದಕ್ಕೆ ತಂಗಿ ಇನ್ನೊಂದು ಚಿತ್ರ ಬರೆಯಬೇಕು, ಸೊಂಟದಿಂದ ಸೆರಗು ಬಿಡಿಸಿಕೊಳ್ಳುವ ಕೈಯದ್ದು. ಕಾಗದ ಮುಗಿದಿದೆ.